ಏಳು ಜನರ ಕೋಣೆಯಲ್ಲಿ ಊರಿನ ಚರಂಡಿ

ಮಹಾನಗರ ಪಾಲಿಕೆಯ ಸಾಮಾನ್ಯ ಸಭೆ ಎಂದರೆ ನಮಗೆ ನೆನಪಾಗುವುದು ಮರುದಿನದ ಪತ್ರಿಕೆಯ ಫೋಟೊ. ಮೇಯರ್ ಪೀಠದ ಮುಂದೆ ಜಮಾಯಿಸಿದ ಸದಸ್ಯರು, ಎತ್ತಿದ ಕೈಗಳು, ಯಾರದೋ ಕೈಯಲ್ಲಿ ಖಾಲಿ ಕೊಡ. ಸುದ್ದಿಯನ್ನು ಕೊನೆಯವರೆಗೂ ಓದಿದರೆ ಒಂದು ಸಾಲು ಸಿಗುತ್ತದೆ: ಗದ್ದಲದ ನಡುವೆಯೇ ಕಾರ್ಯಸೂಚಿಯ ವಿಷಯಗಳಿಗೆ ಒಪ್ಪಿಗೆ ಪಡೆಯಲಾಯಿತು. ಒಂದು ಮಧ್ಯಾಹ್ನದಲ್ಲಿ ಹತ್ತಾರು ವಿಷಯ, ಕೋಟಿಗಟ್ಟಲೆ ರೂಪಾಯಿಯ ಕಾಮಗಾರಿ, ಯಾವುದೋ ಮಳಿಗೆಯ ಹರಾಜು, ಯಾವುದೋ ಬಡಾವಣೆಯ ಹಸ್ತಾಂತರ. ಇಷ್ಟೆಲ್ಲ ಓದಿ, ಯೋಚಿಸಿ ಒಪ್ಪಿದ್ದು ಯಾವಾಗ?

ಕಾನೂನಿನ ಲೆಕ್ಕದಲ್ಲಿ ಇದಕ್ಕೆ ಉತ್ತರವಿದೆ. ಓದುವ, ಯೋಚಿಸುವ ಕೆಲಸ ಅದಕ್ಕೂ ಮುಂಚೆ, ಬೇರೊಂದು ಕೋಣೆಯಲ್ಲಿ, ಬೆರಳೆಣಿಕೆಯ ಸದಸ್ಯರು ಕೂತು ಮುಗಿಸಿರಬೇಕು. ಆ ಕೋಣೆಯ ಹೆಸರು ಸ್ಥಾಯಿ ಸಮಿತಿ. ಅಲ್ಲಿಗೆ ಸಾಮಾನ್ಯವಾಗಿ ಕ್ಯಾಮೆರಾ ಹೋಗುವುದಿಲ್ಲ, ಸುದ್ದಿಯೂ ಆಗುವುದಿಲ್ಲ. ಅಧ್ಯಕ್ಷರ ಆಯ್ಕೆಯ ದಿನ ಹಾರ ಹಾಕಿಸಿಕೊಂಡ ಫೋಟೊ ಬರುತ್ತದೆ, ಆಮೇಲೆ ಇಡೀ ವರ್ಷ ಆ ಸಮಿತಿ ಏನು ಮಾಡಿತೆಂದು ಕೇಳುವವರಿಲ್ಲ.

1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಪಾಲಿಕೆಯ ಅಧಿಕಾರವನ್ನು ಮೂರು ಕಡೆ ಹಂಚಿದೆ. ಒಂದು, ಎಲ್ಲ ಸದಸ್ಯರು ಸೇರಿದ ಪಾಲಿಕೆ. ಎರಡು, ಸ್ಥಾಯಿ ಸಮಿತಿಗಳು. ಮೂರು, ಆಯುಕ್ತರು. ಅಂದರೆ ಸ್ಥಾಯಿ ಸಮಿತಿ ಮೇಯರ್ ಮನಸ್ಸು ಬಂದಾಗ ರಚಿಸುವ ಸಲಹಾ ಮಂಡಳಿಯಲ್ಲ. ಕಾಯ್ದೆಯೇ ಹುಟ್ಟಿಸಿದ ಪ್ರಾಧಿಕಾರ. ಮೈಸೂರು, ಮಂಗಳೂರಿನಂಥ ಪಾಲಿಕೆಗಳಲ್ಲಿ ಇಂಥ ನಾಲ್ಕು ಸಮಿತಿಗಳು: ತೆರಿಗೆ, ಹಣಕಾಸು ಮತ್ತು ಅಪೀಲು, ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ, ನಗರ ಯೋಜನೆ ಮತ್ತು ಸುಧಾರಣೆ, ಲೆಕ್ಕಪತ್ರ. ಒಂದೊಂದರಲ್ಲಿ ಏಳು ಸದಸ್ಯರು. ಮೈಸೂರು ಪಾಲಿಕೆಯಲ್ಲಿ 65 ವಾರ್ಡುಗಳಿವೆ, ಸಮಿತಿಗಳಲ್ಲಿರುವ ಸ್ಥಾನ ಒಟ್ಟು 28. ಗೆದ್ದು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಾವ ಸಮಿತಿಯಲ್ಲೂ ಇರುವುದಿಲ್ಲ ಎಂದಾಯಿತು. ಅವರಿಗೆ ವಿಷಯ ಕಣ್ಣಿಗೆ ಬೀಳುವುದೇ ಸಾಮಾನ್ಯ ಸಭೆಯ ಕಾರ್ಯಸೂಚಿ ಕೈಗೆ ಬಂದಾಗ. ಗದ್ದಲಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನುಮಾನ.

ಹೀಗೊಂದು ಸಣ್ಣ ಗುಂಪನ್ನು ನಡುವೆ ಕೂರಿಸುವ ಯೋಚನೆ ಬಂದದ್ದು ಹಳೆಯ ಮುಂಬಯಿಯ ಒಂದು ಜಗಳದಿಂದ. 1865ರ ಕಾನೂನು ಆ ನಗರದ ಆಡಳಿತವನ್ನು ಹೆಚ್ಚುಕಡಿಮೆ ಒಬ್ಬನೇ ಆಯುಕ್ತನ ಕೈಗೆ ಕೊಟ್ಟಿತ್ತು. ಆತ ಆರ್ಥರ್ ಕ್ರಾಫರ್ಡ್. ಇಂದಿಗೂ ಮುಂಬಯಿ ಕನ್ನಡಿಗರು ಹಣ್ಣು ಕೊಳ್ಳಲು ಹೋಗುವ ಕ್ರಾಫರ್ಡ್ ಮಾರ್ಕೆಟ್ಟಿಗೆ ಹೆಸರು ಬಂದದ್ದು ಅವನಿಂದ. ಕೆಲಸಗಾರ, ಅದರ ಜೊತೆಗೆ ದುಂದುಗಾರ. ನಗರ ಚೊಕ್ಕಟವಾಯಿತು, ರಸ್ತೆಗಳಾದವು, ಸಾಲವೂ ಬೆಳೆಯಿತು. ಹೆಸರಿಗೆ ಮೇಲೆ ಕೂತಿದ್ದ ನ್ಯಾಯಪಾಲಕರ ದೊಡ್ಡ ಸಭೆಗೆ ಲೆಕ್ಕ ಕೇಳುವ ಶಕ್ತಿಯೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ. 1871ರಲ್ಲಿ ತೆರಿಗೆದಾರರು ತಿರುಗಿಬಿದ್ದರು. 1872ರ ಹೊಸ ಕಾನೂನಿನಲ್ಲಿ ದೊಡ್ಡ ಸಭೆಗೂ ಆಯುಕ್ತನಿಗೂ ನಡುವೆ ಹನ್ನೆರಡು ಜನರ ‘ಟೌನ್ ಕೌನ್ಸಿಲ್’ ಬಂತು. 1888ರ ಕಾಯ್ದೆಯಲ್ಲಿ ಅದೇ ‘ಸ್ಟ್ಯಾಂಡಿಂಗ್ ಕಮಿಟಿ’ ಆಯಿತು. ದೊಡ್ಡ ಸಭೆ ನೀತಿ ಹೇಳಲಿ, ಆಯುಕ್ತ ಕೆಲಸ ಮಾಡಲಿ, ನಡುವೆ ಕೆಲವರು ಕೂತು ಕಾಗದ ಪತ್ರ ಓದಲಿ ಎಂಬ ಏರ್ಪಾಡು. ಕಾಗದ ಓದುವುದು ನೂರು ಜನರಿಂದ ಆಗುವ ಕೆಲಸವಲ್ಲ ಎಂದು ಆಗಲೇ ಗೊತ್ತಾಗಿತ್ತು.

ಮುಂಬಯಿಯಲ್ಲಿ ಈಗಲೂ ಸ್ಥಾಯಿ ಸಮಿತಿ ಎಂದರೆ ಪಾಲಿಕೆಯ ಖಜಾನೆಯ ಬೀಗದ ಕೈ. ಆಯುಕ್ತರು ಬಜೆಟ್ ಅಂದಾಜನ್ನು ಮೊದಲು ಮಂಡಿಸುವುದು ಆ ಸಮಿತಿಯ ಮುಂದೆ. ನಿಗದಿತ ಮಿತಿ ಮೀರಿದ ಗುತ್ತಿಗೆಗೆ ಅದರ ಒಪ್ಪಿಗೆ ಬೇಕು. ಕರ್ನಾಟಕದಲ್ಲಿ ಅದೇ ಅಧಿಕಾರವನ್ನು ನಾಲ್ಕು ತುಂಡು ಮಾಡಿ ನಾಲ್ಕು ಸಮಿತಿಗೆ ಹಂಚಲಾಗಿದೆ. ಹಂಚಿದ್ದರಿಂದ ಒಬ್ಬರ ಕೈ ಬಲವಾಗಲಿಲ್ಲ. ಯಾರ ಕೈಯೂ ಬಲವಾಗಲಿಲ್ಲ ಎಂದೂ ಹೇಳಬಹುದು.

ಈಗ ಒಂದು ಕಡತದ ಜೊತೆ ನಡೆಯೋಣ. ಊರು ಯಾವುದಾದರೂ ಇರಲಿ, ವಿವರಗಳು ಉದಾಹರಣೆಗಾಗಿ ನಾನೇ ಜೋಡಿಸಿದವು, ದಾರಿ ಮಾತ್ರ ಎಲ್ಲ ಕಡೆ ಇದೇ.

ತಗ್ಗಿನ ಬೀದಿಯೊಂದರಲ್ಲಿ ಜೋರು ಮಳೆ ಬಂದಾಗೆಲ್ಲ ನೀರು ಮನೆಯೊಳಗೆ ನುಗ್ಗುತ್ತದೆ. ನಿವಾಸಿಗಳು ವಾರ್ಡಿನ ಸದಸ್ಯರಿಗೆ ಮನವಿ ಕೊಡುತ್ತಾರೆ, ಸದಸ್ಯರು ಆಯುಕ್ತರಿಗೆ ಪತ್ರ ಬರೆಯುತ್ತಾರೆ. ಪತ್ರ ವಲಯ ಕಚೇರಿಗೆ ಇಳಿಯುತ್ತದೆ. ಕಿರಿಯ ಇಂಜಿನಿಯರ್ ಸ್ಥಳಕ್ಕೆ ಹೋಗಿ ಟೇಪು ಹಿಡಿದು, 200 ಮೀಟರ್ ಕಾಂಕ್ರೀಟ್ ಚರಂಡಿ, ಮೇಲೆ ಚಪ್ಪಡಿ ಎಂದು ಅಂದಾಜು ಪಟ್ಟಿ ತಯಾರಿಸುತ್ತಾರೆ. ಅಗೆತಕ್ಕೆ ಇಷ್ಟು, ಕಾಂಕ್ರೀಟಿಗೆ ಇಷ್ಟು, ಕಬ್ಬಿಣಕ್ಕೆ ಇಷ್ಟು ಎಂಬ ದರಗಳು ಅವರ ಮನಸ್ಸಿಗೆ ತೋಚಿದ್ದಲ್ಲ. ಸರ್ಕಾರದ ದರಪಟ್ಟಿಯಿಂದ, ಕಚೇರಿ ಭಾಷೆಯಲ್ಲಿ ‘ಎಸ್‌ಆರ್’ನಿಂದ ಬಂದವು. ಒಟ್ಟು 48 ಲಕ್ಷ ಎಂದುಕೊಳ್ಳೋಣ. ಮೇಲಿನ ಇಂಜಿನಿಯರುಗಳು ಪರಿಶೀಲಿಸಿ ಸಹಿ ಹಾಕುತ್ತಾರೆ. ಲೆಕ್ಕ ವಿಭಾಗ ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣವಿದೆ ಎಂದು ಷರಾ ಬರೆಯುತ್ತದೆ. ಆಯುಕ್ತರ ಟಿಪ್ಪಣಿಯೊಂದಿಗೆ ಕಡತ ಕೌನ್ಸಿಲ್ ಕಾರ್ಯದರ್ಶಿಯ ಮೇಜಿಗೆ ಬರುತ್ತದೆ. ಅವರು ಅದಕ್ಕೊಂದು ವಿಷಯ ಸಂಖ್ಯೆ ಕೊಟ್ಟು ನಗರ ಯೋಜನೆ ಮತ್ತು ಸುಧಾರಣಾ ಸ್ಥಾಯಿ ಸಮಿತಿಯ ಕಾರ್ಯಸೂಚಿಗೆ ಸೇರಿಸುತ್ತಾರೆ.

ಸಮಿತಿಯ ಕೋಣೆಯಲ್ಲಿ ಏಳು ಸದಸ್ಯರ ಎದುರಿಗೆ ಇಂಜಿನಿಯರುಗಳು ಕೂತಿರುತ್ತಾರೆ. ದೊಡ್ಡ ಸಭೆಗಿಂತ ಈ ಕೋಣೆ ಬೇರೆಯಾಗುವುದು ಇಲ್ಲಿಯೇ. ಸಾಮಾನ್ಯ ಸಭೆಯಲ್ಲಿ ಸದಸ್ಯರು ಕೇಳುವ ಪ್ರಶ್ನೆ ಗ್ಯಾಲರಿಗೂ ಕೇಳಿಸಬೇಕು. ಇಲ್ಲಿ ಕೇಳುವವರು ಕಡತ ತಂದವರೊಬ್ಬರೇ. ಒಬ್ಬ ಸದಸ್ಯೆ ನಕ್ಷೆ ತಿರುಗಿಸಿ ನೋಡುತ್ತಾರೆ.

“ಈ ನೀರು ಕೊನೆಗೆ ಎಲ್ಲಿಗೆ ಹೋಗುತ್ತೆ ಸಾರ್?”

“ರಾಜಕಾಲುವೆಗೆ ಸೇರಿಸ್ತೀವಿ ಮೇಡಂ.”

“ಸೇರಿಸೋ ಜಾಗದಲ್ಲಿ ಕಾಲುವೆಯ ತಳ ಮೇಲಿದೆಯೋ, ನಮ್ಮ ಚರಂಡಿಯ ತಳ ಮೇಲಿದೆಯೋ?”

ಇಂಜಿನಿಯರ್ ಸುಮ್ಮನಾದರೆ, ಲೆವೆಲ್ ತೆಗೆದಿಲ್ಲ ಎಂದರ್ಥ. ಕಾಲುವೆಯಲ್ಲಿ ಹೂಳು ತುಂಬಿ ಅದರ ತಳವೇ ಎತ್ತರವಾಗಿದ್ದರೆ, 48 ಲಕ್ಷದ ಹೊಸ ಚರಂಡಿ ಮಳೆಗಾಲದಲ್ಲಿ ಕಾಲುವೆಯ ನೀರನ್ನು ಬೀದಿಗೆ ತಂದು ಸುರಿಯುವ ತೂಬಾಗುತ್ತದೆ. ಆಗ ಮೊದಲು ಬೇಕಾದದ್ದು ಕೆಳಗಡೆ ಹೂಳೆತ್ತುವ ಕೆಲಸ, ಅದಕ್ಕೆ ಬೇಕಾದ ಹಣ ಬೇರೆ, ಬಹುಶಃ ನೋಡಿಕೊಳ್ಳುವ ವಿಭಾಗವೂ ಬೇರೆ. ಈ ಒಂದು ಪ್ರಶ್ನೆ ಕಡತದ ದಿಕ್ಕನ್ನೇ ತಿರುಗಿಸುತ್ತದೆ. ಎಪ್ಪತ್ತು ಎಂಬತ್ತು ಜನ ಕೂತ ಸಭಾಂಗಣದಲ್ಲಿ, ನಲವತ್ತು ವಿಷಯಗಳ ನಡುವೆ, ಯಾರೂ ಕೇಳಲಾರದ ಪ್ರಶ್ನೆ ಇದು. ಕೇಳಿದರೂ ಉತ್ತರ ಕೊಡುವಷ್ಟು ಸಮಾಧಾನ ಅಲ್ಲಿರುವುದಿಲ್ಲ.

ಇನ್ನೂ ಕೆಲವು ಪ್ರಶ್ನೆಗಳನ್ನು ಅನುಭವಿ ಸದಸ್ಯರು ತಪ್ಪದೆ ಕೇಳುತ್ತಾರೆ. ಈ ಬೀದಿಯಲ್ಲಿ ಹಿಂದಿನ ಸಲ ಚರಂಡಿ ಮಾಡಿದ್ದು ಯಾವಾಗ? ಗುತ್ತಿಗೆದಾರರೇ ದೋಷ ಸರಿಪಡಿಸಬೇಕಾದ ಅವಧಿ ಇನ್ನೂ ಮುಗಿದಿಲ್ಲವಾದರೆ ಪಾಲಿಕೆ ಮತ್ತೆ ದುಡ್ಡು ಹಾಕುವುದೇಕೆ? ಕೆಳಗೆ ಒಳಚರಂಡಿ ಕೊಳವೆ, ಕುಡಿಯುವ ನೀರಿನ ಕೊಳವೆ ಇದ್ದರೆ ಅವನ್ನು ಸರಿಸುವ ಖರ್ಚು ಅಂದಾಜಿನಲ್ಲಿ ಸೇರಿದೆಯೇ? ಸೇರದಿದ್ದರೆ ಆರು ತಿಂಗಳ ನಂತರ ‘ಹೆಚ್ಚುವರಿ ಕಾಮಗಾರಿ’ ಎಂಬ ಹೆಸರಿನಲ್ಲಿ ಇದೇ ಕಡತ ಮರಳಿ ಬರುತ್ತದೆ. ಇನ್ನೊಂದು ಪ್ರಶ್ನೆ ಮುಜುಗರದ್ದು: 200 ಮೀಟರನ್ನು ಹತ್ತು ಸಣ್ಣ ಕೆಲಸಗಳಾಗಿ ಒಡೆದಿದ್ದೀರಾ? ಟೆಂಡರ್ ಕರೆಯಬೇಕಾದ ಮಿತಿಯ ಕೆಳಗೆ ಬರುವಂತೆ ಕೆಲಸವನ್ನು ಕತ್ತರಿಸಿ ಬೇಕಾದವರಿಗೆ ಕೊಡುವ ತುಂಡು ಗುತ್ತಿಗೆಯ ಚಾಳಿ ನಮ್ಮ ಊರುಗಳಿಗೆ ಹೊಸದಲ್ಲ. ಅದನ್ನು ತಡೆಯಲೆಂದೇ 1999ರ ಪಾರದರ್ಶಕತೆ ಕಾಯ್ದೆ ಬಂತು. ಆದರೂ ಒಂದೇ ಬೀದಿಯ ಹೆಸರು ಕಾರ್ಯಸೂಚಿಯಲ್ಲಿ ‘ಬಲಬದಿ’, ‘ಎಡಬದಿ’, ‘ಅಂಗಡಿಯಿಂದ ದೇವಸ್ಥಾನದವರೆಗೆ’, ‘ದೇವಸ್ಥಾನದಿಂದ ಮೂಲೆಯವರೆಗೆ’ ಎಂದು ಸಾಲಾಗಿ ಬಂದರೆ, ಮೊತ್ತಗಳೆಲ್ಲ ಒಂದಕ್ಕೊಂದು ಹೋಲುತ್ತಿದ್ದರೆ, ಅನುಮಾನಪಡಲು ಅಷ್ಟು ಸಾಕು.

ಚರ್ಚೆ ಮುಗಿದ ಮೇಲೆ ಸಮಿತಿಗೆ ಮೂರು ದಾರಿ. ಒಪ್ಪಿ ಪಾಲಿಕೆಗೆ ಶಿಫಾರಸು ಮಾಡಬಹುದು. ಬದಲಾವಣೆ ಸೂಚಿಸಿ ಒಪ್ಪಬಹುದು. ಪೂರ್ಣ ವಿವರಗಳೊಂದಿಗೆ ಮರುಮಂಡಿಸಿ ಎಂದು ಹಿಂದಕ್ಕೆ ಕಳಿಸಬಹುದು. ಮೇಲ್ನೋಟಕ್ಕೆ ಮೂರನೆಯದು ವಿಳಂಬ. ವಾರ್ಡಿನ ಸದಸ್ಯರಿಗೆ ಸಿಟ್ಟು ಬರುತ್ತದೆ, ಬೀದಿಯವರು ಬೈಯುತ್ತಾರೆ. ನನಗನ್ನಿಸುವುದು, ಒಂದು ಸಮಿತಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ವರ್ಷದಲ್ಲಿ ಅದು ಎಷ್ಟು ಕಡತಗಳನ್ನು ಹಿಂದಕ್ಕೆ ಕಳಿಸಿದೆ, ಯಾವ ಕಾರಣಕ್ಕೆ ಎಂದು ನೋಡಬೇಕು. ಒಂದನ್ನೂ ಹಿಂದಿರುಗಿಸದ ಸಮಿತಿ ಬರೀ ಸಹಿ ಹಾಕುತ್ತಿದೆ. ಕಾರಣ ಬರೆಯದೆ ಎಲ್ಲವನ್ನೂ ತಡೆಹಿಡಿಯುವ ಸಮಿತಿಯ ಬಗ್ಗೆ ಏನು ಯೋಚಿಸಬೇಕೆಂದು ಗುತ್ತಿಗೆದಾರರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹೀಗೆ ಒಪ್ಪಿಗೆಯಾದ ವಿಷಯ ಸಮಿತಿಯ ನಡವಳಿ ಪುಸ್ತಕಕ್ಕೆ ಏರುತ್ತದೆ. ಅಲ್ಲಿಂದ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬರುತ್ತದೆ. ಸ್ಥಾಯಿ ಸಮಿತಿಗಳ ನಿರ್ಣಯಗಳ ಸ್ಥಿರೀಕರಣ ಎಂಬ ಶೀರ್ಷಿಕೆಯ ಕೆಳಗೆ ಹತ್ತಾರು ವಿಷಯಗಳು ಒಟ್ಟಿಗೆ ಸಭೆಯ ಮುಂದೆ ಬರುವುದು ಹೀಗೆ. ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಸಮಿತಿ ಒಪ್ಪಿದ್ದನ್ನು ಸಭೆ ಬಹುಪಾಲು ಹಾಗೆಯೇ ಒಪ್ಪುತ್ತದೆ. ಸಮಿತಿಯಲ್ಲಿ ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಇದ್ದರೆ ಎರಡೂ ಕಡೆಯವರು ಒಮ್ಮೆ ನೋಡಿರುತ್ತಾರೆ ಎಂಬುದು ಅದರ ಹಿಂದಿನ ನಂಬಿಕೆ. ಸಭೆಗೆ ತಿರಸ್ಕರಿಸುವ, ತಿದ್ದುವ, ಸಮಿತಿಗೇ ಮರಳಿಸುವ ಅಧಿಕಾರ ಇದ್ದೇ ಇದೆ. ಸಭೆ ಒಪ್ಪಿದ ನಿರ್ಣಯ ಕಾನೂನಿಗೆ ವಿರುದ್ಧವಾಗಿದ್ದರೆ ಅದನ್ನು ತಡೆಯುವ, ರದ್ದುಪಡಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಇದೆ.

ಚರಂಡಿಯ ಕತೆ ಒಂದು ಬೀದಿಗೆ ಸೇರಿದ್ದು. ತೆರಿಗೆ, ಹಣಕಾಸು ಮತ್ತು ಅಪೀಲು ಸಮಿತಿಯ ಕೆಲಸ ಇಡೀ ಊರಿಗೆ ತಟ್ಟುತ್ತದೆ. ಪಾಲಿಕೆಯ ಬಜೆಟ್ ಓದುವವರು ಆಯುಕ್ತರೂ ಅಲ್ಲ, ಮೇಯರೂ ಅಲ್ಲ, ಈ ಸಮಿತಿಯ ಅಧ್ಯಕ್ಷರು. ವರ್ಷಕ್ಕೊಮ್ಮೆ ಸೂಟ್‌ಕೇಸ್ ಹಿಡಿದು ಸಭಾಂಗಣಕ್ಕೆ ಬರುವ ಗೌರವ ಇರುವುದರಿಂದ ನಾಲ್ಕು ಸಮಿತಿಗಳಲ್ಲಿ ಇದಕ್ಕೇ ಹೆಚ್ಚು ಪೈಪೋಟಿ. ಆದರೆ ಆ ಭಾಷಣಕ್ಕಿಂತ ಮುಂಚಿನ ವಾರಗಳಲ್ಲಿ ಅಂಕಿಗಳನ್ನು ಏನು ಮಾಡಿದರು ಎಂಬುದು ಮುಖ್ಯ.

ಬಜೆಟ್ ಪುಸ್ತಕದಲ್ಲಿ ಪ್ರತಿ ಬಾಬ್ತಿಗೂ ಅಕ್ಕಪಕ್ಕ ಕೆಲವು ಅಂಕಣಗಳಿರುತ್ತವೆ. ಕಳೆದ ವರ್ಷ ನಿಜವಾಗಿ ಬಂದದ್ದು, ಈ ವರ್ಷ ಅಂದಾಜಿಸಿದ್ದು, ಈ ವರ್ಷ ಇಲ್ಲಿಯವರೆಗೆ ಬಂದದ್ದು, ಮುಂದಿನ ವರ್ಷಕ್ಕೆ ಅಂದಾಜು. ಇಲ್ಲೂ ಒಂದು ಕಲ್ಪಿತ ಊರಿನ ಆಸ್ತಿ ತೆರಿಗೆ ತೆಗೆದುಕೊಳ್ಳೋಣ. ಕಳೆದ ವರ್ಷ ಬಂದದ್ದು 62 ಕೋಟಿ. ಈ ವರ್ಷ 80 ಕೋಟಿ ಬರುತ್ತದೆ ಎಂದಿದ್ದರು, ಡಿಸೆಂಬರ್ ಕೊನೆಗೆ 48 ಕೋಟಿ ಬಂದಿದೆ. ಮುಂದಿನ ವರ್ಷಕ್ಕೆ ಬರೆದಿರುವುದು 95 ಕೋಟಿ. ಇನ್ನೂ ಮೂರು ತಿಂಗಳಿದೆ, 80 ಮುಟ್ಟುತ್ತೇವೆ ಎಂದು ಅಧಿಕಾರಿಗಳು ಹೇಳಬಹುದು. ಆಸ್ತಿ ತೆರಿಗೆ ಗೊತ್ತಿರುವ ಸದಸ್ಯರು ಅದನ್ನು ಒಪ್ಪುವುದಿಲ್ಲ. ಏಪ್ರಿಲಿನಲ್ಲಿ ಕಟ್ಟಿದವರಿಗೆ ಶೇ 5 ರಿಯಾಯಿತಿ ಇರುವುದರಿಂದ ನಿಯತ್ತಿನಿಂದ ಕಟ್ಟುವವರು ವರ್ಷದ ಆರಂಭದಲ್ಲೇ ಕಟ್ಟಿ ಮುಗಿಸಿರುತ್ತಾರೆ. ಡಿಸೆಂಬರ್ ನಂತರ ಉಳಿಯುವುದು ಕಟ್ಟದವರು, ವ್ಯಾಜ್ಯ ಹೂಡಿದವರು, ಹಳೆಯ ಬಾಕಿದಾರರು. ಕೊನೆಯ ಮೂರು ತಿಂಗಳಲ್ಲಿ 32 ಕೋಟಿ ಬರಬೇಕೆಂದರೆ ಮನೆಮನೆಗೆ ನೋಟಿಸು ಹೋಗಿರಬೇಕು, ವಸೂಲಿಗೆ ಸಿಬ್ಬಂದಿ ಇರಬೇಕು. ಎರಡೂ ಇಲ್ಲದಿದ್ದರೆ ಈ ವರ್ಷದ ನಿಜ 60ರ ಆಸುಪಾಸು. ಮುಂದಿನ ವರ್ಷದ 95 ಎಂಬುದು ಕಾಗದದ ಮೇಲಿನ ಆಸೆ.

ಅಂಕಿಯನ್ನು ಹೀಗೆ ಉಬ್ಬಿಸುವವರಿಗೆ ಗಣಿತ ಗೊತ್ತಿಲ್ಲವೆಂದಲ್ಲ. ಪ್ರತಿ ವಾರ್ಡಿನ ಸದಸ್ಯರಿಗೂ ಇಷ್ಟು ಲಕ್ಷದ ಕಾಮಗಾರಿ ಎಂದು ಬಜೆಟ್‌ನಲ್ಲಿ ತೋರಿಸಬೇಕು. ತೋರಿಸಲು ಖರ್ಚಿನ ಕಡೆ ಜಾಗ ಬೇಕು, ಖರ್ಚು ಬೆಳೆಸಲು ಆದಾಯ ಬೆಳೆಸಬೇಕು. 95 ಕೋಟಿ ಬರುತ್ತದೆಂದು ಬರೆದುಕೊಂಡ ಮೇಲೆ ಅದರ ಆಧಾರದ ಮೇಲೆ ಟೆಂಡರ್ ಕರೆಯುತ್ತಾರೆ, ಕೆಲಸ ಮುಗಿಯುತ್ತದೆ, ಬಿಲ್ಲು ಬರುತ್ತದೆ, ಖಾತೆಯಲ್ಲಿ ಹಣ ಇರುವುದಿಲ್ಲ. ಗುತ್ತಿಗೆದಾರರ ಬಾಕಿ ವರ್ಷದಿಂದ ವರ್ಷಕ್ಕೆ ದಾಟುತ್ತದೆ. ಬಾಕಿಗೆ ಕಾಯಬೇಕು ಎಂದು ಮೊದಲೇ ತಿಳಿದ ಗುತ್ತಿಗೆದಾರ ಆ ಕಾಯುವಿಕೆಯ ಬಡ್ಡಿಯನ್ನೂ ಟೆಂಡರ್ ದರದಲ್ಲೇ ಸೇರಿಸುತ್ತಾನೆ, ಇಲ್ಲವೇ ಸಿಮೆಂಟಿನಲ್ಲಿ ಉಳಿಸಿಕೊಳ್ಳುತ್ತಾನೆ. ತಗ್ಗಿನ ಬೀದಿಯ ಚಪ್ಪಡಿ ಮರುವರ್ಷ ಮುರಿದರೆ ಕಾರಣವನ್ನು ಬಜೆಟ್ ಪುಸ್ತಕದಲ್ಲಿ ಹುಡುಕಿದರೂ ಸಿಗಬಹುದು.

‘ಉಳಿತಾಯ ಬಜೆಟ್’ ಎಂಬ ಶೀರ್ಷಿಕೆಯನ್ನೂ ಸ್ವಲ್ಪ ನಿಧಾನಕ್ಕೆ ಓದಬೇಕು. ಉಳಿತಾಯ ತೋರುವುದು ಬಹಳ ಸಲ ಆರಂಭಿಕ ಶಿಲ್ಕಿನಿಂದ, ಅಂದರೆ ವರ್ಷದ ಮೊದಲ ದಿನ ಖಾತೆಗಳಲ್ಲಿ ಇರುವ ಹಣದಿಂದ. ಆ ಹಣದಲ್ಲಿ ಕೇಂದ್ರ ಹಣಕಾಸು ಆಯೋಗದ ಅನುದಾನ ಇರುತ್ತದೆ, ನಿರ್ದಿಷ್ಟ ಯೋಜನೆಗೆಂದೇ ಬಂದ ರಾಜ್ಯದ ಹಣ ಇರುತ್ತದೆ, ಪರಿಶಿಷ್ಟರಿಗಾಗಿ ಮೀಸಲಿಟ್ಟ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5ರ ನಿಧಿಗಳು ಇರುತ್ತವೆ. ಅವನ್ನು ಬೇರೆ ಕೆಲಸಕ್ಕೆ ಮುಟ್ಟುವಂತಿಲ್ಲ. ಶಿಲ್ಕಿನಲ್ಲಿ ಎಷ್ಟು ಕಟ್ಟಿಹಾಕಿದ ಹಣ, ಎಷ್ಟು ಪಾಲಿಕೆ ತನ್ನಿಷ್ಟದಂತೆ ಬಳಸಬಹುದಾದ ಹಣ ಎಂದು ಬಿಡಿಸಿ ಕೇಳುವುದು ಹಣಕಾಸು ಸಮಿತಿಯಲ್ಲಿ ಕೂತವರ ಕೆಲಸ. ಬಜೆಟ್ ಮಂಡನೆಯ ದಿನ ಸಭಾಂಗಣದಲ್ಲಿ ಅದನ್ನು ಬಿಡಿಸುವುದು ಆಗದ ಮಾತು.

ಲೆಕ್ಕಪತ್ರ ಸಮಿತಿಯ ಅಧ್ಯಕ್ಷಗಿರಿಗೆ ಅಷ್ಟಾಗಿ ಯಾರೂ ಆಸೆಪಡುವುದಿಲ್ಲ. ಅದರ ಕೈಯಲ್ಲಿ ಹೊಸ ಕಾಮಗಾರಿ ಇಲ್ಲ, ಇರುವುದು ಲೆಕ್ಕ ಪರಿಶೋಧಕರ ಆಕ್ಷೇಪಣೆಗಳ ಕಟ್ಟು. ಕಡಿಮೆ ಕೆಲಸಕ್ಕೆ ಪೂರ್ತಿ ಬಿಲ್ಲು ಪಾವತಿಯಾದದ್ದು, ಮಳಿಗೆಯ ಬಾಡಿಗೆ ವಸೂಲಾಗದೆ ಉಳಿದದ್ದು, ಕೊಟ್ಟ ಮುಂಗಡ ಹೊಂದಾಣಿಕೆಯಾಗದೆ ಬಿದ್ದಿರುವುದು. ಹಳೆಯ ಕಾಗದ ಓದುವ ತಾಳ್ಮೆಯಿರುವ ಸದಸ್ಯರೊಬ್ಬರು ಅಲ್ಲಿ ಕೂತರೆ ಉಳಿದ ಮೂರು ಸಮಿತಿಗಳಿಗೂ ಎಚ್ಚರ ಬರುತ್ತದೆ. ಅಂಥವರು ಕಡಿಮೆ.

ಈ ಏರ್ಪಾಡು ಎಲ್ಲಿ ಕೈಕೊಡುತ್ತದೆ ಎಂದು ತೋರಿಸುವ ಪದವೊಂದು ಪಾಲಿಕೆಯ ಕಾರ್ಯಸೂಚಿಯಲ್ಲೇ ಇರುತ್ತದೆ: ಘಟನೋತ್ತರ ಅನುಮೋದನೆ. ಕೆಲಸ ಆಗಿಹೋಗಿದೆ, ಹಣ ಕೊಟ್ಟಾಗಿದೆ ಅಥವಾ ಕೊಡಲೇಬೇಕಾಗಿದೆ, ಈಗ ಒಪ್ಪಿಗೆ ಕೊಡಿ. ಪ್ರವಾಹ ಬಂದಾಗ, ಗೋಡೆ ಕುಸಿದಾಗ ಆಯುಕ್ತರು ಸಮಿತಿ ಸೇರುವವರೆಗೆ ಕಾಯಲಾರರು, ಕಾಯಲೂಬಾರದು. ಆದರೆ ಅದೇ ದಾರಿಯಲ್ಲಿ ಸಮಾರಂಭದ ಶಾಮಿಯಾನ, ವಾಹನ ಬಾಡಿಗೆ, ಯಾವುದೋ ಹೊರಗುತ್ತಿಗೆಯ ವಿಸ್ತರಣೆಯೂ ಬರತೊಡಗಿದರೆ ಸಮಿತಿ ಇದ್ದೂ ಇಲ್ಲದಂತೆ. ಹೊರಗುತ್ತಿಗೆಯಂತೂ ಇದಕ್ಕೆ ಹೇಳಿ ಮಾಡಿಸಿದ ವಿಷಯ. ಕಸ ಸಾಗಣೆಯ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ ಎಂದು ಎಲ್ಲರಿಗೂ ವರ್ಷದಿಂದ ಗೊತ್ತಿರುತ್ತದೆ. ಹೊಸ ಟೆಂಡರ್ ಮಾತ್ರ ಸಕಾಲಕ್ಕೆ ಆಗುವುದಿಲ್ಲ. ಏಪ್ರಿಲಿನಲ್ಲಿ ಕಸ ನಿಲ್ಲಬಾರದಲ್ಲ ಎಂಬ ಒಂದೇ ಕಾರಣಕ್ಕೆ ಹಳೆಯ ಗುತ್ತಿಗೆಯೇ ಮುಂದುವರಿದು, ಜುಲೈನಲ್ಲಿ ಆರೋಗ್ಯ ಸಮಿತಿಯ ಮುಂದೆ ಘಟನೋತ್ತರವಾಗಿ ಬರುತ್ತದೆ. ಆಗ ಸಮಿತಿ ಬೇಡ ಎಂದರೂ ಆಗಿಹೋದ ಕೆಲಸಕ್ಕೆ ಹಣ ಕೊಡಬೇಕು.

ಅದಕ್ಕಿಂತ ದೊಡ್ಡ ದೌರ್ಬಲ್ಯ ಅವಧಿಯದು. ಈ ಕಾಯ್ದೆಯಡಿ ಮೇಯರ್ ಅವಧಿ ಒಂದು ವರ್ಷ, ಸ್ಥಾಯಿ ಸಮಿತಿಯದೂ ಒಂದು ವರ್ಷ. ಹೊಸ ಸದಸ್ಯರಿಗೆ ಅಂದಾಜು ಪಟ್ಟಿ ಓದಲು, ಲೆಕ್ಕಶೀರ್ಷಿಕೆ ಗುರುತಿಸಲು ಬರುವ ಹೊತ್ತಿಗೆ ಮುಂದಿನ ಆಯ್ಕೆಯ ದಿನ ಬಂದಿರುತ್ತದೆ. ಪ್ರಾದೇಶಿಕ ಆಯುಕ್ತರು ಮೇಯರ್, ಉಪಮೇಯರ್ ಚುನಾವಣೆಯ ಜೊತೆಗೇ ಸಮಿತಿ ಸದಸ್ಯರ ಆಯ್ಕೆಯನ್ನೂ ನಡೆಸುತ್ತಾರೆ. ಅಷ್ಟರೊಳಗೆ ಪಕ್ಷಗಳು ಹೆಸರುಗಳನ್ನು ಹಂಚಿಕೊಂಡಿರುತ್ತವೆ. ಮೇಯರ್ ಸ್ಥಾನ ಕೈತಪ್ಪಿದವರಿಗೆ ಸಮಿತಿ ಅಧ್ಯಕ್ಷಗಿರಿ, ಬೆಂಬಲಿಸಿದ ಪಕ್ಷೇತರರಿಗೆ ಇನ್ನೊಂದು. ಬೆಂಗಳೂರಿನ ಬಿಬಿಎಂಪಿಯಲ್ಲಿ ಸಮಿತಿಗಳ ಸಂಖ್ಯೆ 12ಕ್ಕೆ ಏರಿತ್ತು. ಅಷ್ಟು ದೊಡ್ಡ ನಗರಕ್ಕೆ ಅಷ್ಟು ಬೇಕು ಎಂಬ ವಾದದಲ್ಲಿ ಹುರುಳಿದೆ. ಹನ್ನೆರಡು ಅಧ್ಯಕ್ಷರ ಕುರ್ಚಿಗಳು ಯಾರನ್ನು ಸಮಾಧಾನಪಡಿಸಲು ಬೇಕಾದವು ಎಂಬ ಮಾತಿನಲ್ಲೂ ಇದೆ.

ಸಮಿತಿಯೇ ಇಲ್ಲದ ಕಾಲವೂ ಬರುತ್ತದೆ, ಅದು ಈಚೆಗೆ ಅಪರೂಪವೇನಲ್ಲ. ಬಿಬಿಎಂಪಿಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಆಮೇಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ನಡೆಸಿದರು; 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಹಂಚಲಾಯಿತು. ಮೈಸೂರಿನಲ್ಲಿ ಕೌನ್ಸಿಲಿನ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. ನಗರಸಭೆ, ಪುರಸಭೆಗಳದು ಇನ್ನೊಂದು ಬಗೆ: 2018ರಲ್ಲಿ ಗೆದ್ದ ಸದಸ್ಯರು ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದಾಗಿ 2020ರ ಕೊನೆಯವರೆಗೂ ಅಧ್ಯಕ್ಷರಿಲ್ಲದೆ ಕಾದರು. ಇಂಥ ಅವಧಿಯಲ್ಲಿ ಕೌನ್ಸಿಲ್ ಮಾಡಬೇಕಾದದ್ದು, ಸಮಿತಿ ಮಾಡಬೇಕಾದದ್ದು ಎರಡೂ ಆಡಳಿತಾಧಿಕಾರಿಯ ಒಂದೇ ಸಹಿಯಲ್ಲಿ ಆಗುತ್ತದೆ. ಕಡತ ಬೇಗ ಚಲಿಸುತ್ತದೆ ಎಂದು ಮೆಚ್ಚುವವರಿದ್ದಾರೆ. ಕ್ರಾಫರ್ಡನ ಕಾಲದ ಮುಂಬಯಿಯಲ್ಲೂ ಕೆಲಸ ಬೇಗ ಆಗುತ್ತಿತ್ತು.

ಸಮಿತಿ ಇರುವ ಊರಿನವರು ಅದರ ಕೋಣೆಯಲ್ಲಿ ಏನಾಯಿತೆಂದು ತಿಳಿಯಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರ ತನ್ನ ಸಮಿತಿಗಳು ಯಾವುವು, ಅವುಗಳ ಸಭೆಗೆ ಸಾರ್ವಜನಿಕರಿಗೆ ಪ್ರವೇಶವಿದೆಯೇ, ನಡವಳಿ ಸಿಗುತ್ತದೆಯೇ ಎಂದು ತಾನಾಗಿಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಡಬಹುದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹಾಗೆ ಕೇಳುವಾಗ ನಡವಳಿಯ ನಕಲನ್ನಷ್ಟೇ ಕೇಳಿದರೆ ಕೈಗೆ ಬರುವುದು ‘ವಿಷಯವನ್ನು ಚರ್ಚಿಸಿ ಒಪ್ಪಿಗೆ ನೀಡಲಾಯಿತು’ ಎಂಬ ಸಾಲು. ವಿಷಯ ಸಂಖ್ಯೆ ಮತ್ತು ಸಭೆಯ ದಿನಾಂಕ ನಮೂದಿಸಿ, ಆ ವಿಷಯದ ಜೊತೆ ಸಮಿತಿಯ ಮುಂದೆ ಇಟ್ಟಿದ್ದ ಕಚೇರಿ ಟಿಪ್ಪಣಿ, ಅಂದಾಜು ಪಟ್ಟಿ ಮತ್ತು ಲೆಕ್ಕ ವಿಭಾಗದ ಷರಾ ಕೊಡಿ ಎಂದು ಕೇಳಬೇಕು. ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆಂದು ಯಾರಾದರೂ ಕೇಳಿದ್ದರೇ, ಲೆವೆಲ್ ತೆಗೆದಿದ್ದರೇ ಎಂಬುದು ಆ ಹಾಳೆಗಳಲ್ಲಿ ಇರುತ್ತದೆ, ಅಥವಾ ಇರುವುದಿಲ್ಲ.